ಕಥೆ ಎಲ್ಲಿ ನಿಲ್ಲಿಸಬೇಕು ಅಂತ ಮೊದಲು ಬರೆದುಕೋ

ಪ್ರೀತಿಯ ಸುಮಾ,

ನೀನು ಕಳಿಸಿದ ಪಾಠ ಟಿಪ್ಪಣಿಯ ಫೋಟೋ ನೋಡಿದೆ. ಅಕ್ಷರ ಮುದ್ದಾಗಿದೆ. ಕಲಿಕಾ ಫಲ, ಸಾಮಗ್ರಿ, ಚಟುವಟಿಕೆ, ಮೌಲ್ಯಮಾಪನ, ಎಲ್ಲ ಕಾಲಂ ತುಂಬಿದ್ದೀಯ. ಎಚ್.ಎಂ. ಸಹಿ ಹಾಕೋಕೆ ಏನೂ ತೊಂದರೆ ಇಲ್ಲ. ಆದರೆ ಸೋಮವಾರ ಬೆಳಗ್ಗೆ ನಾಲ್ಕನೇ ತರಗತಿ ಮುಂದೆ ಅದನ್ನ ಹಿಡಿದು ನಿಂತರೆ ನಿನಗೆ ಏನು ಮಾಡಬೇಕು ಅಂತ ಗೊತ್ತಾಗಲ್ಲ. 'ಮಕ್ಕಳು ಕಥೆಯ ಮುಂದಿನ ಭಾಗವನ್ನು ಊಹಿಸುವರು' ಅಂತ ಬರೆದಿದ್ದೀಯ. ಯಾವ ಸಾಲು ಓದಿದ ಮೇಲೆ? ಏನು ಕೇಳಿದಾಗ? ಅದೇ ಇಲ್ಲ ನೋಡು.

ಊಹೆ ಮತ್ತು ಪ್ರಶ್ನೆಯ ಪಾಠಕ್ಕೆ ನಾನು ಟಿಪ್ಪಣಿಯನ್ನ ಮೇಲಿಂದ ಕೆಳಗೆ ಬರೆಯುತ್ತಿರಲಿಲ್ಲ. ಕಥೆ ಮುಂದಿಟ್ಟುಕೊಂಡು ಪೆನ್ಸಿಲ್ಲಲ್ಲಿ ಗೆರೆ ಎಳೆಯುತ್ತಿದ್ದೆ, ಇಲ್ಲಿ ನಿಲ್ಲಿಸಬೇಕು, ಇಲ್ಲಿ ನಿಲ್ಲಿಸಬೇಕು ಅಂತ. ಆ ಗೆರೆಗಳು ಸರಿ ಬಿದ್ದರೆ ವಾರದ ಯೋಜನೆ ಮುಕ್ಕಾಲು ಮುಗಿದ ಹಾಗೆ. ಉಳಿದ ಕಾಲಂ ಆಮೇಲೆ ತುಂಬಿಕೊಳ್ಳಬಹುದು.

ಮೊದಲು ಕಥೆ ವಿಷಯ. ನೀನು ಪುಣ್ಯಕೋಟಿ ಕಥೆ ಆರಿಸಿದ್ದೀಯ. ಕಥೆ ಒಳ್ಳೇದೇ, ಆದರೆ ಈ ಕೆಲಸಕ್ಕೆ ಬೇಡ. ಹುಲಿ ಏನು ಮಾಡುತ್ತೆ ಅಂತ ಅಂಗನವಾಡಿ ಮಗುವಿಗೂ ಗೊತ್ತು. ಗೊತ್ತಿರೋದನ್ನ ಹೇಳಿದರೆ ಅದು ನೆನಪು, ಊಹೆ ಅಲ್ಲ. ಪಠ್ಯಪುಸ್ತಕದ ಪಾಠವೂ ಕಷ್ಟವೇ, ಪುಸ್ತಕ ಕೈಯಲ್ಲಿರುತ್ತೆ, ಹಾಳೆ ತಿರುಗಿಸಿ ಕೊನೆ ನೋಡಿಬಿಡುತ್ತಾರೆ. ಹಾಗಾಗಿ ನಾನೇ ಒಂದು ಸಣ್ಣ ಕಥೆ ಬರೆದು ನಾಲ್ಕು ಹಾಳೆ ಮಾಡಿಕೊಂಡಿದ್ದೆ. ನಿನಗೂ ಅದನ್ನೇ ಕಳಿಸುತ್ತಿದ್ದೇನೆ.

ಕಥೆ ಇಷ್ಟು. ರಂಗಿಯ ಅಜ್ಜಿಯ ಕನ್ನಡಕ ಒಡೆದಿದೆ. ಮನೆಯ ನಾಟಿ ಕೋಳಿ ಕೆಂಪಿ ಮೂರು ವಾರದಿಂದ ಮೊಟ್ಟೆ ಇಟ್ಟಿಲ್ಲ. ಮಂಗಳವಾರದ ಸಂತೆಗೆ ಒಯ್ದು ಮಾರಿಬಾ ಅಂತಾಳೆ ಅಜ್ಜಿ. ಹಿಡಿಯೋಕೆ ಹೋದರೆ ಕೆಂಪಿ ಮಧ್ಯಾಹ್ನವಿಡೀ ಕಾಣಲ್ಲ. ಸಂಜೆ ಬಂದಾಗ ಅದರ ರೆಕ್ಕೆಗೆ ಒಣಹುಲ್ಲು ಅಂಟಿರುತ್ತೆ. ಇದು ಒಂದನೇ ಹಾಳೆ. ಎರಡನೇದರಲ್ಲಿ ಸಂತೆ. ಒಬ್ಬ ನಾನೂರು ರೂಪಾಯಿ ಕೊಡ್ತೀನಿ ಅಂತಾನೆ, 'ಮೊಟ್ಟೆ ಇಡುತ್ತಾ?' ಅಂತ ಕೇಳುತ್ತಾನೆ. ರಂಗಿ ಬಾಯಿ ಒಣಗುತ್ತೆ. ಮೂರನೇದರಲ್ಲಿ ಅವಳು ನಿಜ ಹೇಳುತ್ತಾಳೆ, ಅವನು ಹೊರಟುಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಮಂಕರಿಯೊಳಗೆ ಬೆಚ್ಚಗಿನ ಮೊಟ್ಟೆ ಸಿಗುತ್ತೆ. ನಾಲ್ಕನೇದರಲ್ಲಿ ಮಾರದೆ ಮನೆಗೆ ಬರುತ್ತಾಳೆ. ಮಾರನೇ ದಿನ ಮಧ್ಯಾಹ್ನ ಕೆಂಪಿ ಹಿಂದೆಯೇ ಹೋಗಿ ಪಕ್ಕದ ಮನೆಯ ಹುಲ್ಲಿನ ಮೆದೆಯಲ್ಲಿ ಹನ್ನೊಂದು ಮೊಟ್ಟೆ ನೋಡುತ್ತಾಳೆ.

ಈಗ ಗೆರೆ ಎಲ್ಲಿ? ಮೊದಲ ವರ್ಷ ನಾನು 'ಅಜ್ಜಿ ಕೆಂಪಿಯನ್ನ ಮಾರಿಬಾ ಅಂದಳು' ಅನ್ನೋ ಸಾಲಿಗೇ ನಿಲ್ಲಿಸಿದ್ದೆ. ಮುಂದೇನಾಗುತ್ತೆ ಅಂದೆ. ನರಿ ಬರುತ್ತೆ, ಕಳ್ಳ ಬರ್ತಾನೆ, ಒಬ್ಬ ಹೆಲಿಕಾಪ್ಟರ್ ಕೂಡ ತಂದ. ತಪ್ಪು ಅವರದಲ್ಲ. ಹಿಡಿದುಕೊಳ್ಳೋಕೆ ಕಥೆ ಇನ್ನೂ ಏನೂ ಕೊಟ್ಟಿರಲಿಲ್ಲ. ಮೂರನೇ ಹಾಳೆಯಲ್ಲಿ 'ಮಂಕರಿಗೆ ಕೈ ಹಾಕಿದಾಗ ಬೆಚ್ಚಗೆ, ದುಂಡಗೆ ಏನೋ ತಾಗಿತು' ಅನ್ನುವಲ್ಲಿ ನಿಲ್ಲಿಸಿದೆ. ಇಡೀ ತರಗತಿ ಒಂದೇ ಸಲಕ್ಕೆ 'ಮೊಟ್ಟೇ' ಅಂತು. ಅದೂ ಊಹೆ ಅಲ್ಲ ಬಿಡು. ಎಲ್ಲರೂ ಒಂದೇ ಉತ್ತರ ಹೇಳಿದರೆ ತಡವಾಗಿ ನಿಲ್ಲಿಸಿದ್ದೀಯ, ಬಾಯಿಗೆ ಬಂದದ್ದು ಹೇಳಿದರೆ ಬೇಗ ನಿಲ್ಲಿಸಿದ್ದೀಯ. ಎರಡು ಮೂರು ಉತ್ತರಕ್ಕೆ ತರಗತಿ ಒಡೆದು, ಪ್ರತಿಯೊಂದಕ್ಕೂ ಕಥೆಯಲ್ಲೇ ಒಂದು ಕಾರಣ ಸಿಗುವ ಜಾಗ ಬೇಕು. ಆಮೇಲೆ ಮೊದಲ ಗೆರೆಯನ್ನ ಒಣಹುಲ್ಲಿನ ಸಾಲಿನ ಕೆಳಗೆ ಇಳಿಸಿದೆ. ಎರಡನೇದು ರಂಗಿಯ ಬಾಯಿ ಒಣಗಿದಲ್ಲಿ. ಮೂರನೇದು ಮೊಟ್ಟೆ ಕೈಗೆ ಬಂದ ಮೇಲೆ. ಈಗ ಅವಳು 'ನೋಡಿ, ಇಡುತ್ತೆ!' ಅಂತ ಕೂಗಿ ಮಾರಬಹುದು, ಇಲ್ಲ ಮನೆಗೂ ಹೋಗಬಹುದು. ಅಲ್ಲಿ ಜಗಳ ಚೆನ್ನಾಗಿ ಹತ್ತುತ್ತೆ.

ಇನ್ನು ದಿನಗಳು. ಸೋಮವಾರ ನೀನೇ ಓದು, ನೀನೇ ಗಟ್ಟಿಯಾಗಿ ಯೋಚಿಸು. ಮಕ್ಕಳು ಬರೀ ನೋಡಲಿ. ಏನು ಹೇಳಬೇಕು ಅನ್ನೋದನ್ನ ಟಿಪ್ಪಣಿಯಲ್ಲಿ ಅಕ್ಷರಕ್ಕೆ ಅಕ್ಷರ ಬರೆದಿಟ್ಟುಕೋ, ಆ ಕ್ಷಣಕ್ಕೆ ಬಾಯಿಗೆ ಬರಲ್ಲ. ನಾನು ಬರೆದುಕೊಂಡಿದ್ದು ಹೀಗೆ: 'ರೆಕ್ಕೆಗೆ ಹುಲ್ಲು ಅಂಟಿತ್ತು ಅಂತಿದೆ. ಸುಮ್ನೆ ಯಾಕೆ ಇದನ್ನ ಹೇಳ್ತಾರೆ? ಮಧ್ಯಾಹ್ನ ಕಾಣಲ್ಲ ಅಂತಾನೂ ಇದೆ. ಎರಡೂ ಸೇರಿಸಿದರೆ, ಕೆಂಪಿ ಎಲ್ಲೋ ಹುಲ್ಲಲ್ಲಿ ಹೋಗಿ ಕೂರುತ್ತೆ ಅನಿಸುತ್ತೆ. ಆದರೆ ನನ್ನ ಊಹೆ ತಪ್ಪೂ ಇರಬಹುದು, ಮುಂದೆ ನೋಡೋಣ.' ಆ ಕೊನೆ ಮಾತು ಬಿಡಬೇಡ. ಮಿಸ್ ಊಹೆಯೂ ತಪ್ಪಾಗಬಹುದು ಅಂತ ಅವರು ಕೇಳಿಸಿಕೊಳ್ಳಬೇಕು.

ಕಥೆಯ ಹೆಸರು ನೋಡಿ ಊಹಿಸೋಕೆ ನೀನು ಇಡೀ ಪೀರಿಯಡ್ ಇಟ್ಟಿದ್ದೀಯ. ಐದು ನಿಮಿಷ ಸಾಕು.

ಮಂಗಳವಾರ ಎರಡನೇ ಹಾಳೆ, ಎಲ್ಲರೂ ಸೇರಿ. ಬುಧವಾರ ಮೂರನೇದು, ಇಬ್ಬಿಬ್ಬರು ಜೊತೆಯಾಗಿ. ಮಂಗಳವಾರದಿಂದಲೇ ನೋಟ್ ಪುಸ್ತಕದಲ್ಲಿ ಮೂರು ಕಾಲಂ ಎಳೆಸು: ನನ್ನ ಊಹೆ, ಯಾವ ಸಾಲು ನೋಡಿ ಹಾಗನಿಸಿತು, ಆಮೇಲೆ ಏನಾಯ್ತು. ನಡುವಿನ ಕಾಲಂ ಖಾಲಿ ಇದ್ದರೆ ಊಹೆಯನ್ನ ಒಪ್ಪಬೇಡ.

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳ್ತೀನಿ. ಒಂದು ವರ್ಷ ನೋಟ್ ಪುಸ್ತಕ ತಿದ್ದಿದರೆ ಎಲ್ಲರ ಊಹೆಯೂ ಸರಿ. ಸ್ಟಾಫ್ ರೂಮಲ್ಲಿ ಹೇಳಿಕೊಂಡು ಓಡಾಡಿದೆ. ಆಮೇಲೆ ಒಂದು ಪುಸ್ತಕ ಬೆಳಕಿಗೆ ಹಿಡಿದರೆ 'ಸುಳ್ಳು ಹೇಳ್ತಾಳೆ' ಅಂತ ಬರೆದು, ಉಜ್ಜಿ, ಮೇಲೆ 'ನಿಜ ಹೇಳ್ತಾಳೆ' ಅಂತ ಬರೆದ ಗುರುತು. ಕಥೆ ಮುಂದೆ ಓದುತ್ತಿದ್ದ ಹಾಗೆ ಎಲ್ಲರೂ ರಬ್ಬರ್ ತೆಗೆದಿದ್ದರು. ತಪ್ಪಾದದ್ದು ಅಳಿಸಬೇಕು ಅಂತ ಕಲಿಸಿದ್ದು ನಾನೇ ತಾನೇ? ಅವತ್ತಿಂದ ಆ ಪೀರಿಯಡ್ಡಿಗೆ ರಬ್ಬರ್ ಚೀಲದೊಳಗೆ. ಊಹೆ ಬದಲಾದರೆ ಹಳೇದನ್ನ ಹಾಗೇ ಬಿಟ್ಟು ಕೆಳಗೆ ಹೊಸದು ಬರೆಯಬೇಕು. ಯಾವ ಸಾಲು ಓದಿ ಬದಲಾಯಿಸಿದೆ ಅನ್ನೋದೇ ನಮಗೆ ಬೇಕಾದ್ದು.

ಇನ್ನೊಂದು ನಿನ್ನ ಮುಖ. ಸರಿ ಊಹೆ ಬಂದಾಗ ನಾವು ಗೊತ್ತಿಲ್ಲದೆ ತಲೆ ಆಡಿಸಿಬಿಡ್ತೀವಿ. ಅಲ್ಲಿಗೆ ಆಟ ಮುಗಿಯಿತು, ಉಳಿದವರೆಲ್ಲ ಅದನ್ನೇ ಹೇಳುತ್ತಾರೆ. ಎಲ್ಲ ಊಹೆಗೂ ಒಂದೇ ಮಾತು ಇಟ್ಟುಕೋ: 'ಎಲ್ಲಿದೆ ಅದು, ಓದಿ ತೋರಿಸು.' ಕೇಳಿದ ಮೇಲೆ ಮನಸ್ಸಲ್ಲಿ ಐದು ಎಣಿಸಿ ಸುಮ್ಮನಿರು. ಟಿಪ್ಪಣಿಯಲ್ಲೂ 'ಐದು ಎಣಿಸು' ಅಂತಲೇ ಬರೆದುಕೋ. ಅಮೆರಿಕದ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರಂತೆ. ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತೆ ಅಂತ ತೋರಿಸಿದರು. ಹಿಂದಿನ ಬೆಂಚಿನವರು ಬಾಯಿ ಬಿಡೋದು ಆ ಕಾಯುವ ಹೊತ್ತಲ್ಲೇ.

ಗುರುವಾರ ನಾಲ್ಕನೇ ಹಾಳೆ, ಅವತ್ತು ಪ್ರಶ್ನೆ ಕೇಳೋದು ಮಕ್ಕಳು. ಬರೀ 'ಪ್ರಶ್ನೆ ಮಾಡಿ' ಅಂದರೆ ಪಾಠದ ಹಿಂದಿನ ಅಭ್ಯಾಸದ ತರ ಮಾಡುತ್ತಾರೆ: ಸಂತೆ ಯಾವ ವಾರ? ಕೋಳಿ ಹೆಸರೇನು? ಅದಕ್ಕೆ ಮೂರು ಬಗೆ ಹಲಗೆ ಮೇಲೆ ಬರೆ. ಒಂದು, ಸಾಲಲ್ಲೇ ಸಿಗೋದು. ಸಂತೆ ಯಾವ ವಾರ ಅನ್ನೋದು ಆ ಜಾತಿ. ಎರಡು, ಎರಡು ಕಡೆ ಹುಡುಕಿ ಸೇರಿಸಬೇಕಾದ್ದು. 'ಕೆಂಪಿ ಮೊಟ್ಟೆ ಬೇರೆ ಕಡೆ ಇಡುತ್ತಿದೆ ಅಂತ ನಮಗೆ ಮೊದಲೇ ಹೇಗೆ ಗೊತ್ತಾಗಬಹುದಿತ್ತು?' ಮೂರು, ಕಥೆಯ ಜೊತೆ ನಮ್ಮ ತಲೆಯೂ ಬೇಕಾದ್ದು. 'ಮೊಟ್ಟೆ ಸಿಕ್ಕ ಮೇಲೂ ರಂಗಿ ಯಾಕೆ ಮಾರಲಿಲ್ಲ?' ಪ್ರತಿ ಜೋಡಿ ಒಂದೊಂದು ಬಗೆಯದು ಮಾಡಲಿ, ಪಕ್ಕದ ಜೋಡಿ ಉತ್ತರ ಹುಡುಕಲಿ. ಉತ್ತರ ಹುಡುಕಿದವರೇ ಅದು ಯಾವ ಬಗೆ ಅಂತಲೂ ಹೇಳಬೇಕು. ಅಲ್ಲಿ ಬಣ್ಣ ಬಯಲಾಗುತ್ತೆ. ಎರಡನೇ ಬಗೆ ಅಂತ ಮಾಡಿದ ಪ್ರಶ್ನೆಗೆ ಒಂದೇ ಸಾಲಲ್ಲಿ ಉತ್ತರ ಸಿಕ್ಕಿಬಿಡುತ್ತೆ.

ಒಂದು ಹುಡುಗಿ ಕೇಳಿದಳು, 'ಮೂರು ವಾರದ ಮೊಟ್ಟೆ ಕೆಟ್ಟಿರಲ್ವಾ ಮಿಸ್?' ನಾನು ಬರೆದಾಗ ನನಗೇ ಹೊಳೆದಿರಲಿಲ್ಲ. ಅವಳ ಮನೆಯಲ್ಲಿ ಕೋಳಿ ಇತ್ತು. ನೀರಲ್ಲಿ ಹಾಕಿದರೆ ಹಳೇದು ತೇಲುತ್ತೆ ಅಂತ ಅವಳೇ ಹೇಳಿದಳು. ಇಂಥದ್ದು ಮೂರು ಬಗೆಗೂ ಸೇರಲ್ಲ, ಹಲಗೆಯ ಮೂಲೆಯಲ್ಲಿ ಜಾಗ ಬಿಟ್ಟಿರು.

ಶುಕ್ರವಾರ ಹೊಸದೊಂದು, ಹತ್ತು ಸಾಲಿನ ಕಥೆ ಕೊಡು, ಒಬ್ಬೊಬ್ಬರೇ. ಏಳನೇ ಸಾಲಿಗೆ ನಿಲ್ಲಿಸಿ ಒಂದು ಊಹೆ, ಒಂದು ಕಾರಣ, ಎರಡನೇ ಬಗೆಯ ಒಂದು ಪ್ರಶ್ನೆ ಬರೆಸು. ಓದೋಕೆ ತಡವರಿಸುವವರಿಗೆ ನೀನೇ ಓದಿ ಹೇಳು, ಬಾಯಲ್ಲೇ ಉತ್ತರ ತೆಗೆದುಕೋ. ಇದು ಓದುವ ವೇಗದ ಪರೀಕ್ಷೆ ಅಲ್ಲ. ಊಹೆ ಸರಿಯೋ ತಪ್ಪೋ ಅಂತ ಅಂಕ ಕೊಡಬೇಡ, ಕಾರಣದ ಕಾಲಂ ಮಾತ್ರ ನೋಡು. ಕಾರಣವೇ ಬರೆಯದವರು ಒಂದು ಕಟ್ಟು. 'ನಮ್ಮ ಮನೇಲೂ ಹಾಗೇ ಆಯ್ತು' ಅನ್ನುವವರು ಇನ್ನೊಂದು. ಕಥೆಯ ಸಾಲು ಹಿಡಿದು ಹೇಳಿದವರು ಮೂರನೇದು. ನಡುವಿನ ಕಟ್ಟು ದೊಡ್ಡದಿರುತ್ತೆ, ಗಾಬರಿಯಾಗಬೇಡ. ಅವರಿಗೆ ಮುಂದಿನ ವಾರ 'ಅದು ನಿಮ್ಮ ಮನೆ ಕೋಳಿ, ಈ ಕೋಳಿ ಬಗ್ಗೆ ಏನಿದೆ?' ಅಂತ ಕೇಳಿ ಸಾಲಿಗೆ ಬೆರಳಿಡಿಸಿದರೆ ಸಾಕು. ಮೊದಲ ಕಟ್ಟಿನವರನ್ನ ಸೋಮವಾರದ ಪಾಠಕ್ಕೇ ವಾಪಸ್ ಕರೆದುಕೊಂಡು ಹೋಗಬೇಕು.

ಶನಿವಾರ ಬೆಳಗಿನ ಶಾಲೆಗೆ ಏನೂ ಬರೆಯಬೇಡ. ವಾರದಲ್ಲಿ ಒಂದು ದಿನ ಮೀಟಿಂಗೋ ಮಳೆಯೋ ನುಂಗುತ್ತೆ.

ನಿಮ್ಮಲ್ಲಿ ನಾಲ್ಕು, ಐದು ಒಟ್ಟಿಗೆ ಕೂರುತ್ತವೆ ಅಂದಿದ್ದೆ ಅಲ್ವಾ. ಜೋಡಿ ಮಾಡುವಾಗ ಐದನೆಯವರನ್ನ ನಾಲ್ಕರವರ ಜೊತೆ ಹಾಕಬೇಡ. ದೊಡ್ಡವರೇ ಹೇಳಿ, ಚಿಕ್ಕವರು ಬರೆದುಕೊಂಡು ಕೂರುತ್ತಾರೆ.

ಹಾಳೆಗಳನ್ನ ಈ ಪತ್ರದ ಜೊತೆ ಇಟ್ಟಿದ್ದೇನೆ, ಗೆರೆ ಪೆನ್ಸಿಲ್ಲಲ್ಲೇ ಇದೆ. ನಿನ್ನ ಮಕ್ಕಳಿಗೆ ಸರಿಹೊಂದದಿದ್ದರೆ ಅಳಿಸಿ ಬೇರೆ ಕಡೆ ಹಾಕಿಕೋ. ಗುರುವಾರ ಯಾರಾದರೂ 'ಹಾಗಾದ್ರೆ ಅಜ್ಜಿಗೆ ಕನ್ನಡಕ ಬಂತಾ ಮಿಸ್?' ಅಂತ ಕೇಳೇ ಕೇಳುತ್ತಾರೆ. ಅದನ್ನ ನಾನು ಬೇಕಂತಲೇ ಬರೆದಿಲ್ಲ, ನೀನೂ ಹೇಳಬೇಡ. ಅವರು ಏನೇನು ಹೇಳಿದರು ಅಂತ ಮಾತ್ರ ನನಗೆ ಬರೆ.

ಇಂತಿ,
ನಿನ್ನ ದೊಡ್ಡಮ್ಮ