ಆರು ಗಂಟೆಯ ಮೆಸೇಜಿಗೆ ಕೃತಜ್ಞತೆ

ಮೊನ್ನೆ ಬಂದ ಥೈರಾಯ್ಡ್ ರಿಪೋರ್ಟಿನಲ್ಲಿ ನನ್ನ ಟಿಎಸ್ಎಚ್ 3.1, ಅಂದರೆ ಸರಿಯಾದ ಮಟ್ಟಕ್ಕೆ ಬಂದಿದೆ. ಆಟಿ ತಿಂಗಳ ಮಳೆಯಲ್ಲಿ ಪರೀಕ್ಷೆ ಮಾಡಿಸಿದಾಗ 11 ದಾಟಿತ್ತು. ಇದಕ್ಕೆ ಕಾರಣಳಾದ ನನ್ನ ಹಳೆಯ ವಿದ್ಯಾರ್ಥಿನಿಗೆ ಎಲ್ಲರೆದುರು ಕೃತಜ್ಞತೆ ಹೇಳಬೇಕು.

ಉಡುಪಿಯ ಕುಂಜಿಬೆಟ್ಟಿನಲ್ಲಿ ನಾನೊಬ್ಬಳೇ ಇರುವುದು. ನಿವೃತ್ತಿಯಾಗಿ ಏಳು ವರ್ಷ, ಇವರು ಹೋಗಿ ಎರಡು ವರ್ಷ. ಐದೂವರೆಗೆ ಎಚ್ಚರವಾದರೆ ಕಾಫಿ ಬಿಟ್ಟು ಬೇರೆ ಕೆಲಸವಿಲ್ಲ. ಥೈರಾಯ್ಡ್ ಮಾತ್ರೆ, ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ ಮಾತ್ರೆ, ಎರಡನ್ನೂ ಆ ಕಾಫಿಯ ಜೊತೆಗೇ ನುಂಗುತ್ತಿದ್ದೆ. ಸದಾ ಸುಸ್ತು, ಮಳೆಗಾಲದಲ್ಲಿ ಎರಡು ಹೊದಿಕೆ ಹೊದ್ದರೂ ಚಳಿ. ದುಃಖಕ್ಕೆ ಹೀಗಾಗುತ್ತದೆ ಎಂದುಕೊಂಡಿದ್ದೆ. ಡಾಕ್ಟರು 50ರ ಮಾತ್ರೆಯನ್ನು 75ಕ್ಕೆ ಏರಿಸುವ ಯೋಚನೆಯಲ್ಲಿದ್ದರು.

ಆಗ ನನ್ನನ್ನು ನೋಡಲು ಬಂದವಳು ಅವಳು, ಈಗ ನರ್ಸು. ನಾನು ಮಾತ್ರೆ ನುಂಗುವುದನ್ನು ಕಂಡು, "ಟೀಚರ್, ಹೀಗೆ ತೆಗೊಂಡ್ರೆ ಮಾತ್ರೆ ಮೈಗೆ ಸರಿಯಾಗಿ ಹಿಡಿಯುದಿಲ್ಲ, ಡಾಕ್ಟರಿಗೆ ಹೇಳಿ" ಅಂದಳು. ಹೇಳಿದೆ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ತೆಗೆದುಕೊಂಡು ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ, ಕ್ಯಾಲ್ಸಿಯಂ ಅದಕ್ಕಿಂತ ನಾಲ್ಕು ಗಂಟೆಯಾದರೂ ತಡವಾಗಿರಲಿ ಎಂದು ಡಾಕ್ಟರು ಹೇಳಿದರು. ಡೋಸ್ ಹಾಗೇ ಇಟ್ಟು ಎಂಟು ವಾರದ ಮೇಲೆ ಪರೀಕ್ಷೆ.

ಮರುದಿನ ಆರಕ್ಕೆ ಅವಳ ಮೆಸೇಜು: "ಟೀಚರ್, ಆಯ್ತಾ?" "6.02" ಎಂದು ಉತ್ತರಿಸಿದೆ, ಹಾಜರಿ ಕೊಟ್ಟ ಹಾಗೆ. ರಾತ್ರಿ ಪಾಳಿಯಿದ್ದರೂ ಒಂದು ದಿನವೂ ತಪ್ಪಿಸಲಿಲ್ಲ. ನುಂಗಿದೆನೋ ಇಲ್ಲವೋ ಎಂಬ ಸಂಶಯ ಬಂದರೆ ಫೋನು ನೋಡಿದರಾಯಿತು, ಇನ್ನೊಂದು ನುಂಗುವ ಭಯವಿಲ್ಲ.

ಕಷ್ಟವಾದದ್ದು ಮಾತ್ರೆಯಲ್ಲ, ಕಾಫಿಯಿಲ್ಲದ ಆ ಒಂದು ಗಂಟೆ. ಗಡಿಯಾರ ನೋಡುತ್ತ ಕೂರುವುದು ಬಹಳ ಹಿಂಸೆ. ಎರಡನೆಯ ವಾರ "6.01" ಜೊತೆಗೆ "ಮಲ್ಲಿಗೆ ಗಿಡದಲ್ಲಿ ಮೊಗ್ಗು" ಎಂದು ಬರೆದೆ. ಅವಳು "ಫೋಟೋ ಕಳಿಸಿ" ಅಂದಳು. ಅಂದಿನಿಂದ ಆರರ ಹೊತ್ತಿಗೆ ಅಂಗಳಕ್ಕೆ ಇಳಿಯತೊಡಗಿದೆ. ನಮ್ಮ ಓಣಿಯಲ್ಲಿ ಇನ್ನಿಬ್ಬರಿಗೆ ಇದೇ ಮಾತ್ರೆಯೆಂದು ತಿಳಿದದ್ದು ಆಗಲೇ. ಅವರಿಗೆ ನಾನು ಕಳಿಸತೊಡಗಿದೆ: "ಆಯ್ತಾ?"

ಒಂದು ಬೆಳಿಗ್ಗೆ ಹಿತ್ತಿಲಿನಾಚೆಯ ಮನೆಯ ಅಕ್ಕನ ಉತ್ತರವಿಲ್ಲ. ಆರೂಕಾಲು, ಆರೂವರೆ. ಎದೆ ಹೊಡೆದುಕೊಂಡು ಕೊಡೆ ಹಿಡಿದು ಓಡಿದೆ. ರಾತ್ರಿ ಕರೆಂಟು ಹೋಗಿ ಅವರ ಫೋನು ಸತ್ತಿತ್ತು, ಅಷ್ಟೆ. "ಬಂದದ್ದು ಬಂದಿರಿ, ಏಳಾಗಲಿ, ಕಾಫಿ ಕುಡಿದೇ ಹೋಗಿ" ಅಂದರು. ಈಗ ದಿನವೂ ಏಳಕ್ಕೆ ಒಂದು ದಿನ ಅವರ ಜಗಲಿ, ಒಂದು ದಿನ ನನ್ನದು.

ಸುಸ್ತು ಮುಕ್ಕಾಲು ಪಾಲು ಹೋಗಿದೆ. ಇವರಿಲ್ಲದ ಸಂಕಟ ಹೋಗಿಲ್ಲ, ಅದಕ್ಕೆ ಮಾತ್ರೆ ಇಲ್ಲ. ಆದರೆ ಐದೂವರೆಗೆ ಎಚ್ಚರವಾದಾಗ ಈಗ ಎದ್ದು ಕೂರುತ್ತೇನೆ, ಆರಾಗುವುದನ್ನು ಕಾಯುತ್ತೇನೆ.

ಮಗಾ, ನಿನಗೆ ಮಗ್ಗಿ ಕಲಿಸಿದವಳು ನಾನು. ಈ ಎಂಟು ವಾರ ನನ್ನ ಹಾಜರಿ ಕರೆದವಳು ನೀನು. ತುಂಬ ತುಂಬ ಉಪಕಾರವಾಯಿತು.