ಕಾಲು ಕೆ.ಜಿ. ಕಾಳು: ನಾಲಿಗೆ ಎಲ್ಲಿ ತಾಗಬೇಕು ಅಂತ ಹೇಳಿಕೊಡಿ

ಸಂಪಾದಕರಿಗೆ ನಮಸ್ಕಾರ.

ಬೇರೆ ಕಡೆಯಿಂದ ಬಂದವರಿಗೆ ಕನ್ನಡ ಮಾತು ಕಲಿಸುವ ಅಂಕಣವೊಂದು ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುತ್ತಿದೆ. ನಾನು ತಪ್ಪದೆ ಓದುತ್ತೇನೆ, ಪಕ್ಕದ ಮನೆಯ ಹುಡುಗಿಗೂ ಓದಿಸುತ್ತೇನೆ. ಅದರಲ್ಲಿ ಕನ್ನಡದ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡುತ್ತೀರಿ. ಓದೋಕೆ ಸುಲಭವಾಗಲಿ ಅಂತ ಹಾಗೆ ಮಾಡಿದ್ದೀರಿ, ನಿಜ. ಆದರೆ ಲ ಮತ್ತು ಳ ಎರಡಕ್ಕೂ ಒಂದೇ ಅಕ್ಷರ, ನ ಮತ್ತು ಣ ಎರಡಕ್ಕೂ ಒಂದೇ ಅಕ್ಷರ, ತ ಮತ್ತು ಟ ಕೂಡ ಅಷ್ಟೇ. ಇದರಿಂದ ಕಲಿಯುವವರಿಗೆ ಏನಾಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಆ ಹುಡುಗಿ ಕಾನ್ಪುರದವಳು. ಕೆಲಸಕ್ಕೆಂದು ಮೈಸೂರಿಗೆ ಬಂದು ಎಂಟು ತಿಂಗಳಾಗಿತ್ತು. ಒಂದು ಕನ್ನಡ ತರಗತಿಗೆ ದುಡ್ಡು ಕಟ್ಟಿ ಹೋಗುತ್ತಿದ್ದಳು. ಅವರೆಕಾಯಿ ಕಾಲದಲ್ಲಿ ನಮ್ಮ ಬೀದಿಯ ಮೂಲೆಯಲ್ಲಿ ಒಬ್ಬ ಅಜ್ಜಿ ಸುಲಿದ ಕಾಳು ಇಟ್ಟುಕೊಂಡು ಕೂರುತ್ತಾರೆ. ಅವತ್ತು ನಾನೂ ಅಲ್ಲೇ ಇದ್ದೆ. ಹುಡುಗಿ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದು ಹೇಳಿದಳು: "ಅಜ್ಜಿ, ಕಾಲು ಕೆ.ಜಿ. ಕಾಲು ಕೊಡಿ."

"ಕಾಲು ಕೆ.ಜಿ. ಏನು ಕೊಡ್ಲಿ ತಾಯಿ?" ಅಂದರು ಅಜ್ಜಿ.

"ಕಾಲು, ಅಜ್ಜಿ."

"ಅದೇ, ಕಾಲು ಕೆ.ಜಿ. ಏನು?"

ಮೂರನೇ ಸಲಕ್ಕೆ ಹುಡುಗಿ ಬೆರಳು ತೋರಿಸಿ ಹಿಂದಿಗೆ ಹೊರಳಿದಳು. ದಾರಿಯಲ್ಲಿ ನನ್ನನ್ನು ಕೇಳಿದಳು, "ಆಂಟಿ, ನಾನು ಸರಿಯಾಗೇ ಹೇಳಿದೆ ಅಲ್ವಾ?" ಅವಳ ತರಗತಿಯ ಹಾಳೆ ತರಿಸಿ ನೋಡಿದೆ. ನಾಲ್ಕರಲ್ಲಿ ಒಂದು ಭಾಗ kaalu. ನಡೆಯುವ ಕಾಲೂ kaalu. ತಿನ್ನುವ ಕಾಳೂ kaalu. ಪಾಪ, ಹಾಳೆಯಲ್ಲಿ ಇದ್ದ ಹಾಗೇ ಅವಳು ಹೇಳಿದ್ದಳು.

ನಾನು ಇಪ್ಪತ್ತೊಂಬತ್ತು ವರ್ಷ ಶಾಲೆಯಲ್ಲಿ ಕನ್ನಡ, ಹಿಂದಿ ಎರಡನ್ನೂ ಕಲಿಸಿದವಳು. ತವರ್ಗ ದಂತ್ಯ, ಟವರ್ಗ ಮೂರ್ಧನ್ಯ ಅಂತ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಹೆಸರು ಹೇಳಿಕೊಟ್ಟೆವೇ ಹೊರತು ಜಾಗ ತೋರಿಸಲಿಲ್ಲ. ಈ ಹುಡುಗಿಗೆ ಹೇಳಿಕೊಡಲು ಕೂತಾಗಲೇ ನಾನೂ ಅದನ್ನು ಸರಿಯಾಗಿ ನೋಡಿದ್ದು.

'ಆತ' ಅಂತ ಹೇಳಿ ನೋಡಿ. ನಾಲಿಗೆಯ ತುದಿ ಚಪ್ಪಟೆಯಾಗಿ ಮೇಲಿನ ಮುಂದಿನ ಹಲ್ಲುಗಳ ಹಿಂಬದಿಗೆ ಒತ್ತುತ್ತದೆ. ಲ ಮತ್ತು ನ ಹೇಳುವಾಗ ಸ್ವಲ್ಪ ಮೇಲೆ, ಹಲ್ಲಿನ ಬುಡದ ಒಸಡಿಗೆ ತಾಗುತ್ತದೆ. ಈಗ ನಿಧಾನವಾಗಿ 'ಆಟ' ಅನ್ನಿ. ತುದಿ ಮೇಲಕ್ಕೆದ್ದು ಹಿಂದಕ್ಕೆ ಸುರುಳುತ್ತದೆ. ಒಸಡಿನ ಉಬ್ಬು ದಾಟಿದ ಮೇಲೆ ಬಾಯಿಯ ಅಂಗಳ ಕಮಾನಿನ ಹಾಗೆ ಏರುತ್ತದಲ್ಲ, ಅಲ್ಲಿಗೆ ಹೋಗಿ ತಾಗುತ್ತದೆ. ತಾಗುವುದು ತುದಿ ಮಾತ್ರ ಅಲ್ಲ, ತುದಿಯ ಕೆಳಮೈ ಕೂಡ.

ಹಿಂದಿಯಲ್ಲೂ ಟ, ಡ ಇವೆ, ಆದ್ದರಿಂದ ಅವರಿಗೆ ಇದು ಗೊತ್ತೇ ಇರುತ್ತದೆ ಅಂದುಕೊಂಡಿದ್ದೆ. ದಾಲ್ ಅಂದರೆ ಬೇಳೆ, ಡಾಲ್ ಅಂದರೆ ಕೊಂಬೆ. ಮೋತಿ ಅಂದರೆ ಮುತ್ತು, ಮೋಟಿ ಅಂದರೆ ದಪ್ಪಗಿರುವವಳು. ಈ ವ್ಯತ್ಯಾಸ ಅವರು ಎಂದೂ ತಪ್ಪುವುದಿಲ್ಲ. ಆದರೆ ಅವರ ಟ ನಮ್ಮ ಟ ಅಲ್ಲ. 1983ರಲ್ಲಿ ಪೀಟರ್ ಲ್ಯಾಡಿಫೋಗೆಡ್ ಮತ್ತು ಪೇರಿ ಭಾಸ್ಕರರಾವ್ ಎಂಬ ಇಬ್ಬರು ವಿದ್ವಾಂಸರು ಹಿಂದಿ, ತಮಿಳು, ತೆಲುಗು ಮಾತಾಡುವವರ ಬಾಯಿಯ ಎಕ್ಸ್-ರೇ ಚಿತ್ರಗಳನ್ನು ಹೋಲಿಸಿ ಒಂದು ಲೇಖನ ಬರೆದರು. ತಮಿಳು, ತೆಲುಗಿನವರ ನಾಲಿಗೆ ಚೆನ್ನಾಗಿ ಸುರುಳಿ ಕೆಳಮೈಯಿಂದ ಅಂಗಳ ಮುಟ್ಟುತ್ತಿತ್ತು. ಹಿಂದಿಯವರದು ಬರೀ ತುದಿ, ಅದೂ ಒಸಡಿನ ಉಬ್ಬಿಗೆ ಹತ್ತಿರ. ಈ ವಿಷಯದಲ್ಲಿ ಕನ್ನಡ ತೆಲುಗಿನ ಕಡೆಗೇ ಸೇರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಭಾಷಾ ವಿಜ್ಞಾನದವರು ಇದ್ದಿಲ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ನಾಲಿಗೆಗೆ ಬಳಿದು, ಅಂಗಳದಲ್ಲಿ ಗುರುತು ಎಲ್ಲಿ ಮೂಡಿತು ಅಂತ ಕನ್ನಡಿಯಲ್ಲಿ ನೋಡುತ್ತಾರೆ. ನಾವು ಕೋಕೋ ಪುಡಿಯನ್ನು ಒಂದು ತೊಟ್ಟು ಎಣ್ಣೆಯಲ್ಲಿ ಕಲಸಿಕೊಂಡೆವು. ನಾಲಿಗೆಯ ಕೆಳಮೈಗೆ ಮಾತ್ರ, ತುದಿಯಿಂದ ಅರ್ಧ ಇಂಚಿನಷ್ಟು, ಹತ್ತಿಯಲ್ಲಿ ಸವರಿಕೊಂಡು ಇಬ್ಬರೂ ಒಂದೊಂದೇ ಸಲ 'ಆಟ' ಅಂದೆವು. ಆಮೇಲೆ ಬಾಯಿ ಅಗಲಿಸಿ, ಮೊಬೈಲ್ ಬೆಳಕು ಬಿಟ್ಟು ಪುಟ್ಟ ಕನ್ನಡಿಯಲ್ಲಿ ನೋಡಿದೆವು. ನನ್ನ ಅಂಗಳದಲ್ಲಿ ಒಸಡಿನ ಉಬ್ಬಿನ ಹಿಂದೆ ದಪ್ಪನೆಯ ಕಂದು ಪಟ್ಟಿ ಇತ್ತು. ಅವಳ ಅಂಗಳದಲ್ಲಿ ಏನೂ ಇರಲಿಲ್ಲ. ಅವಳ ನಾಲಿಗೆಯ ಕೆಳಮೈ ಅಲ್ಲಿಗೆ ತಾಗಿರಲೇ ಇಲ್ಲ. ಎಲ್ಲರಿಗೂ ಇಷ್ಟು ಸ್ಪಷ್ಟವಾಗಿ ಬರಲಿಕ್ಕಿಲ್ಲ. ಟ ಗೆ ಮುಂಚಿನ ಸ್ವರ ಇ ಅಥವಾ ಎ ಆದರೆ ನಮ್ಮ ನಾಲಿಗೆಯೂ ಕಡಿಮೆ ಸುರುಳುತ್ತದೆ. ಹಾಗಾಗಿ ಆ, ಉ ಇರುವ ಮಾತುಗಳಿಂದ ಶುರು ಮಾಡುವುದು ಒಳ್ಳೆಯದು.

ಟ ಡ ಗಳಲ್ಲಿ ಈ ಸಣ್ಣ ವ್ಯತ್ಯಾಸದಿಂದ ಅರ್ಥವೇನೂ ಕೆಡುವುದಿಲ್ಲ. 'ಊಟ' ಅಂತ ಅವಳು ಅವಳ ಟ ಬಳಸಿ ಹೇಳಿದರೂ ಎಲ್ಲರಿಗೂ ತಿಳಿಯುತ್ತದೆ. ಕಷ್ಟ ಇರುವುದು ಳ ಮತ್ತು ಣ ಹತ್ತಿರ. ಹಿಂದಿಯಲ್ಲಿ ಳ ಇಲ್ಲವೇ ಇಲ್ಲ. ಣ ಬರವಣಿಗೆಯಲ್ಲಿದೆ, ಸಂಸ್ಕೃತದ ಮಾತುಗಳಲ್ಲಿ ಬರುತ್ತದೆ. ಆದರೆ ಆಡುವಾಗ ಬಹಳ ಜನ ಅದನ್ನು ನ ಮಾಡಿಬಿಡುತ್ತಾರೆ. ನಮ್ಮಲ್ಲಿ ಹಾಲು ಬೇರೆ, ಹಾಳು ಬೇರೆ. ಹಲ್ಲಿ ಬೇರೆ, ಹಳ್ಳಿ ಬೇರೆ. ಅನ್ನ ಬೇರೆ, ಅಣ್ಣ ಬೇರೆ. 'ಹೇಳು' ಅನ್ನುವಲ್ಲಿ ಲ ಬಂದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

"ನಾಲಿಗೆ ಮಡಚಿ" ಅಂತ ಹೇಳಿದರೆ ಯಾರಿಗೂ ಳ ಬರುವುದಿಲ್ಲ. ನಾನು ಹೇಳಿ ನೋಡಿ ಸೋತೆ. ಕೊನೆಗೆ ದಾರಿ ಸಿಕ್ಕಿದ್ದು ಅವಳ ಭಾಷೆಯಲ್ಲೇ. ಘೋಡಾ, ಸಡಕ್, ಲಡಕಾ ಅಂತ ನಾವು ಬರೆಯುತ್ತೇವಲ್ಲ, ಅಲ್ಲಿ ಹಿಂದಿಯವರು ಡ ಅಕ್ಷರದ ಕೆಳಗೆ ಒಂದು ಚುಕ್ಕೆ ಇಡುತ್ತಾರೆ. ಆ ಧ್ವನಿ ಬೇರೆ. ನಾಲಿಗೆ ಹಿಂದಕ್ಕೆ ಸುರುಳಿ, ಮುಂದೆ ಬರುತ್ತಾ ಅಂಗಳವನ್ನು ಒಂದೇ ಏಟಿಗೆ ಸವರಿ ಕೆಳಗೆ ಬೀಳುತ್ತದೆ. ಅಂದರೆ ನಾಲಿಗೆಯನ್ನು ಹಿಂದಕ್ಕೆ ಒಯ್ಯುವುದು ಅವರಿಗೆ ಹುಟ್ಟಿನಿಂದ ಗೊತ್ತು. ಅವಳಿಗೆ ಹೇಳಿದೆ: "ಘೋಡಾ ಅನ್ನೋಕೆ ಹೊರಡು. ನಾಲಿಗೆ ಮೇಲೆ ಹೋದಾಗ ಸವರಬೇಡ, ಅಲ್ಲೇ ಹಿಡಿದುಕೋ. ಎರಡು ಪಕ್ಕದಿಂದ ಗಾಳಿ ಬಿಡು." ಮೊದಲ ಸಂಜೆಯೇ ಒಂದು ಒಳ್ಳೆಯ ಳ ಬಂತು. ಅವಳಿಗಿಂತ ನನಗೇ ಜಾಸ್ತಿ ಖುಷಿಯಾಯಿತು.

ಣ ಇನ್ನೂ ಸುಲಭ. ಹಿಂದಿಯಲ್ಲಿ ಮೊಟ್ಟೆಗೆ ಅಂಡಾ ಅನ್ನುತ್ತಾರೆ. ಮುಂದೆ ಡ ಇರುವುದರಿಂದ ಅದಕ್ಕೆ ಮುಂಚಿನ ಮೂಗಿನ ಧ್ವನಿಯೂ ಡ ಇರುವ ಜಾಗದಲ್ಲೇ ಹುಟ್ಟುತ್ತದೆ. ಹಾಗಾಗಿ ಅವಳು ದಿನಾ ಣ ಹೇಳುತ್ತಲೇ ಇದ್ದಾಳೆ, ಗೊತ್ತಿಲ್ಲದೆ. ಅಂಡಾ ಅನ್ನಲು ಶುರು ಮಾಡಿ, ಡ ಬರುವ ಮೊದಲೇ ನಿಲ್ಲಿಸಿ, ಮೂಗಿನಲ್ಲೇ ಎಳೆದು ಅ ಸೇರಿಸಿದರೆ 'ಅಣ್ಣ' ಆಗುತ್ತದೆ. ಹತ್ತು ನಿಮಿಷದ ಕೆಲಸ.

ಹೇಳಲು ಬಂದರೂ ಕೇಳಿ ಗುರುತಿಸಲು ಬರಬೇಕಲ್ಲ. ಅದಕ್ಕೆ ಎರಡು ವಾರ ಬೇಕಾಯಿತು. ನಾನು ಬಾಯಿಗೆ ಪುಸ್ತಕ ಅಡ್ಡ ಹಿಡಿದು ಬೆಲೆ ಅಥವಾ ಬೆಳೆ, ಹುಲಿ ಅಥವಾ ಹುಳಿ ಅನ್ನುತ್ತಿದ್ದೆ. ಅವಳು ಚೀಟಿ ಮುಟ್ಟಬೇಕು. ಮೊದಮೊದಲು ಸುಮ್ನೆ ಊಹೆ ಮಾಡುತ್ತಿದ್ದಳು. ಅವಳು ಕಿವಿ ಕೊಡುತ್ತಿದ್ದುದು ವ್ಯಂಜನದ ಮೇಲೆ, ಅದು ಬಿಡುವ ಗಳಿಗೆಯ ಮೇಲೆ. ಆದರೆ ಗುರುತು ಇರುವುದು ಅದಕ್ಕಿಂತ ಮುಂಚೆ. 'ಕಾಳು' ಅನ್ನುವಾಗ 'ಕಾ' ಮುಗಿಯುವುದರೊಳಗೆ ನಾಲಿಗೆ ಸುರುಳಲು ಶುರುವಾಗಿರುತ್ತದೆ. ಆ ಸ್ವರದ ಕೊನೆ ಸ್ವಲ್ಪ ಮಂಕಾಗುತ್ತದೆ, ಒಳಕ್ಕೆ ಎಳೆದ ಹಾಗೆ ಕೇಳಿಸುತ್ತದೆ. ಬಿಡುವ ಹೊತ್ತಿಗೆ ನಾಲಿಗೆ ಮುಂದೆ ಬಂದುಬಿಟ್ಟಿರುತ್ತದೆ, ಆಗ ಲು, ಳು ಎರಡೂ ಹತ್ತಿರ ಹತ್ತಿರ ಕೇಳಿಸುತ್ತವೆ. ಕನ್ನಡದ ಮಾತುಗಳು ಳ, ಣ ಗಳಿಂದ ಶುರುವಾಗುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹಿಂದೆ ಸ್ವರವಿಲ್ಲದಿದ್ದರೆ ಗುರುತು ಹಿಡಿಯುವುದು ಕಷ್ಟ. "ಳು ಬಿಡು, ಕಾ ಕೇಳು" ಅಂದ ಮೇಲೆ ಅವಳ ಕೈ ಸರಿಯಾದ ಚೀಟಿಗೆ ಹೋಗತೊಡಗಿತು.

ನಡುವೆ ಒಂದು ಹೊಸ ತಪ್ಪು ಶುರುವಾಯಿತು. ಳ ಬಂದ ಉತ್ಸಾಹಕ್ಕೆ ಎಲ್ಲ ಕಡೆಯೂ ಳ ಹಾಕಿದಳು. ಹಾಲಿನವರ ಹತ್ತಿರ ಅರ್ಧ ಲೀಟರ್ ಹಾಳು ಕೇಳಿದಳು, ಎಲೆ ಎಳೆಯಾಯಿತು. ಇದನ್ನು ಕಿವಿ ತಿದ್ದಲಾರದು. ಯಾವ ಮಾತಿನಲ್ಲಿ ಯಾವುದು ಅಂತ ಕಣ್ಣಿಗೆ ಕಂಡರೆ ಮಾತ್ರ ತಿಳಿಯುತ್ತದೆ. ಅದಕ್ಕೆ ಅವಳ ಹಾಳೆಯನ್ನು ಪೂರ್ತಿ ತಿದ್ದಿ ಬರೆದೆ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವವರು ಮಾಡುವ ಹಾಗೆ, ಟ ಡ ಣ ಳ ಗಳಿಗೆ ದೊಡ್ಡಕ್ಷರ ಇಟ್ಟೆ: kaalu ಕಾಲು, kaaLu ಕಾಳು, anna ಅನ್ನ, aNNa ಅಣ್ಣ.

ನಾವು ಹಿಂದಿ ಆಡುವಾಗಲೂ ಹೀಗೇ ಎಡವುತ್ತೇವೆ. ಸಡಕ್ ಅನ್ನುವಲ್ಲಿ ನಾಲಿಗೆಯನ್ನು ಒತ್ತಿ ಹಿಡಿದು ಗಟ್ಟಿ ಡ ಹೇಳುತ್ತೇವೆ. ಆದರೆ 'ಮಾಡು', 'ಹಾಡು' ಅಂತ ಬೇಗ ಹೇಳುವಾಗ ನಮ್ಮ ನಾಲಿಗೆಯೂ ಸವರಿಕೊಂಡೇ ಹೋಗುತ್ತದೆ. ಅದೇ ಡ ಅಲ್ಲೂ ಸಾಕು.

ನನ್ನ ಕೋರಿಕೆ ಇಷ್ಟೇ. ನಿಮ್ಮ ಅಂಕಣದಲ್ಲಿ ಇಂಗ್ಲಿಷ್ ಅಕ್ಷರ ಇರಲಿ, ಆದರೆ ಟ ಡ ಣ ಳ ಗಳಿಗೆ ದೊಡ್ಡಕ್ಷರ ಬಳಸಿ, ಪಕ್ಕದಲ್ಲಿ ಕನ್ನಡ ಲಿಪಿಯನ್ನೂ ಕೊಡಿ. ಹಿಂದಿಯವರಿಗಾಗಿ ನಾಗರಿಯಲ್ಲೂ ಕೊಟ್ಟರೆ ಇನ್ನೂ ಒಳ್ಳೆಯದು. ನಾಗರಿಯಲ್ಲಿ ಳ ಗೆ ಬೇರೆ ಅಕ್ಷರವೇ ಇದೆ, ಮರಾಠಿಯವರು ದಿನಾ ಬರೆಯುತ್ತಾರೆ. ಒಂದು ವಾರದ ಅಂಕಣವನ್ನು ಘೋಡಾದಿಂದ ಳ, ಅಂಡಾದಿಂದ ಣ ಕಲಿಸುವುದಕ್ಕೇ ಮೀಸಲಿಡಿ. ಬೇಕಿದ್ದರೆ ನನ್ನ ತಿದ್ದಿದ ಹಾಳೆಯನ್ನು ಕಳಿಸಿಕೊಡುತ್ತೇನೆ.

ಹೋದ ಭಾನುವಾರ ಆ ಹುಡುಗಿ ಮತ್ತೆ ಅಜ್ಜಿಯ ಹತ್ತಿರ ಹೋಗಿ ಕಾಲು ಕೆ.ಜಿ. ಕಾಳು ಕೇಳಿದಳು. ಅಜ್ಜಿ ಏನೂ ಕೇಳದೆ ತಕ್ಕಡಿ ಎತ್ತಿಕೊಂಡರು.

ಇಂತಿ,
ನಿವೃತ್ತ ಶಾಲಾ ಶಿಕ್ಷಕಿ, ಮೈಸೂರು