ಕರ್ಚೀಫು ಮುಟ್ಟಿ ನೋಡಿದ ಎದುರು ಮನೆ ಅಕ್ಕನಿಗೆ

ನಿನ್ನೆ ತಮ್ಮನ ಕೊನೆಯ ತಪಾಸಣೆ ಮುಗಿಯಿತು. ಆಪರೇಷನ್ ಆಗಿ ಆರು ತಿಂಗಳಾಯಿತು, ಮೂಗಿನಿಂದ ಮಿದುಳಿನ ನೀರು ಮತ್ತೆ ಒಂದು ಹನಿಯೂ ಸೋರಿಲ್ಲ. ಇಷ್ಟು ದಿನ ಬರೆಯಲು ಧೈರ್ಯ ಇರಲಿಲ್ಲ.

ಬೈಕಿನಿಂದ ಬಿದ್ದಾಗ ಅವನ ಹಣೆಗೆ ಪೆಟ್ಟಾಗಿತ್ತು. ಹೊಲಿಗೆ ಹಾಕಿ ಮನೆಗೆ ಕಳಿಸಿದ್ದರು. ಐದನೇ ದಿನ ಬಲ ಮೂಗಿನಿಂದ ಮಾತ್ರ ನೀರು ಇಳಿಯತೊಡಗಿತು. ಮಳೆಗಾಲ, ನೆಗಡಿ ಇರಬೇಕು ಅಂತ ಹಬೆ ಕೊಟ್ಟೆವು. ಆದರೆ ಶೂ ಲೇಸ್ ಕಟ್ಟಲು ಬಗ್ಗಿದರೆ ಟಪಟಪ ಅಂತ ಬೀಳುತ್ತಿತ್ತು. ಮಲಗಿದರೆ ಗಂಟಲಲ್ಲಿ ಉಪ್ಪುಪ್ಪು ಅನ್ನುತ್ತಿದ್ದ.

ಎದುರು ಮನೆ ಅಕ್ಕ ನರ್ಸ್. ಅವನ ಕರ್ಚೀಫು ಕೇಳಿ ಪಡೆದು, ಒಣಗಿದ ಜಾಗವನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಸಿಂಬಳ ಒಣಗಿದ್ರೆ ಬಟ್ಟೆ ಗಂಜಿ ಹಾಕಿದ ಹಾಗೆ ಗಟ್ಟಿ ಆಗುತ್ತೆ. ಇದು ಮೆತ್ತಗೇ ಇದೆ. ಇದರ ಮೇಲೆ ಪಕ್ಕಾ ಹೇಳೋಕಾಗಲ್ಲ, ಆದ್ರೆ ಕಾಯಬೇಡಿ, ಈಗಲೇ ಹೊರಡಿ" ಅಂದರು. ಮೂಗು ಜೋರಾಗಿ ಸೀಟಬಾರದು ಅಂತಲೂ ಹೇಳಿ ಕಳಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಚಿತ್ರ ಬರೆದು ತೋರಿಸಿದರು. ಮೂಗಿನ ಮೇಲ್ಚಾವಣಿಯ ಎಲುಬು ತುಂಬಾ ತೆಳು, ಜರಡಿಯಂತೆ ತೂತು ತೂತು. ಅದು ಬಿರುಕು ಬಿಟ್ಟು ಮೇಲಿನ ಪೊರೆಯೂ ಹರಿದರೆ ಮಿದುಳಿನ ಸುತ್ತಲಿನ ನೀರು ಕೆಳಗಿಳಿಯುತ್ತದೆ. ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಮಾಡಿಕೊಳ್ಳುತ್ತದೆ, ಹಾಗಾಗಿ ಸೋರಿದ ನೀರಿಗಿಂತ ದೊಡ್ಡ ಭಯ ಆ ತೂತಿನದು. ಮೂಗಿನ ರೋಗಾಣು ಅದೇ ದಾರಿಯಲ್ಲಿ ಮೇಲೆ ಹತ್ತಿದರೆ ಮೆದುಳು ಪೊರೆಯ ಸೋಂಕು, ಮೆನಿಂಜೈಟಿಸ್. ಜ್ವರ, ಜೋರು ತಲೆನೋವು, ಕತ್ತು ಬಿಗಿತ ಕಂಡರೆ ರಾತ್ರಿಯಾದರೂ ಕರೆಯಿರಿ ಅಂದಿದ್ದರು.

ಮಿದುಳಿನ ನೀರಲ್ಲಿ ಸಕ್ಕರೆ ಇರುತ್ತದಂತಲ್ಲ, ಗ್ಲುಕೋಮೀಟರ್‌ನಲ್ಲಿ ನೋಡಲೇ ಅಂತ ನಾನು ಕೇಳಿದೆ. ಕಣ್ಣೀರು, ರಕ್ತ ಬೆರೆತರೂ ಸಕ್ಕರೆ ತೋರಿಸುತ್ತದೆ, ಅದನ್ನು ನಂಬಬೇಡಿ ಅಂದರು. ಬಗ್ಗಿಸಿ ಕೂರಿಸಿ ಚಿಕ್ಕ ಬಾಟಲಿಯಲ್ಲಿ ಹಿಡಿದ ನೀರು ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಗೆ ಹೋಯಿತು. ಮಿದುಳಿನ ನೀರಿನಲ್ಲಿರುವ, ಸಿಂಬಳದಲ್ಲಿ ಇರದ ಆ ಪ್ರೋಟೀನು ಅದರಲ್ಲಿ ಸಿಕ್ಕಿತು. ತೆಳು ಪದರಗಳ ಸಿಟಿಯಲ್ಲಿ ಬಿರುಕೂ ಕಂಡಿತು.

ಪೆಟ್ಟಿನಿಂದ ಆದ ಸೋರಿಕೆ ಹೆಚ್ಚಿನವರಲ್ಲಿ ಒಂದು ವಾರ, ಹತ್ತು ದಿನದಲ್ಲಿ ತಾನೇ ನಿಲ್ಲುತ್ತದಂತೆ. ತಲೆ ಎತ್ತರಿಸಿ ಮಲಗಿಸಿದರು, ತಿಣುಕದಿರಲಿ ಅಂತ ಮಲ ಸಡಿಲಿಸುವ ಔಷಧಿ ಕೊಟ್ಟರು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕಿತ್ತು. ಅಮ್ಮ ರಾತ್ರಿಯಿಡೀ ಪಕ್ಕದಲ್ಲೇ ಕೂತು ದಿಂಬಿನ ಒದ್ದೆ ಮುಟ್ಟಿ ನೋಡುತ್ತಿದ್ದರು. ನಮ್ಮದು ನಿಲ್ಲಲಿಲ್ಲ. ಕೊನೆಗೆ ಮೂಗಿನ ಒಳಗಿನಿಂದಲೇ ದುರ್ಬೀನು ಹಾಕಿ, ತೊಡೆಯಿಂದ ತೆಗೆದ ತೆಳು ಪೊರೆಯಿಂದ ತೂತು ಮುಚ್ಚಿದರು.

ಆ ಇಎನ್‌ಟಿ ಮತ್ತು ನ್ಯೂರೋ ಡಾಕ್ಟರುಗಳಿಗೆ, ಮೂರು ಹೊತ್ತು ಹಾಸಿಗೆ ಸರಿ ಮಾಡಿದ ಸಿಸ್ಟರುಗಳಿಗೆ, ಅಮ್ಮನ ಜೊತೆ ಸರದಿಯಲ್ಲಿ ಕೂತ ಚಿಕ್ಕಮ್ಮನಿಗೆ ಮನಸಾರೆ ವಂದನೆ. ಅಕ್ಕಾ, ನಿಮಗೆ ಏನು ಹೇಳಲಿ? ಇವತ್ತು ಬೆಳಿಗ್ಗೆ ಅವನು ನಿಮ್ಮ ಗೇಟಿನ ಎದುರೇ ಬಗ್ಗಿ ಲೇಸ್ ಕಟ್ಟಿಕೊಂಡು ಕೆಲಸಕ್ಕೆ ಹೋದ.